ಹ್ಯಾಕಥಾನ್‌ಗೆ ನಾಲ್ಕು ದಿನ, ಎನ್ಎಸ್ಎಸ್ ಶಿಬಿರಕ್ಕೆ ಒಂದು ವಾರ: ಪ್ರಿನ್ಸಿಪಾಲರಿಗೆ ಪತ್ರ ಹೇಗೆ ಬರೆಯೋದು?

ಐದನೇ ಸೆಮ್ ಪುನೀತ್

ಎಲ್ಲರಿಗೂ ನಮಸ್ಕಾರ. ಹಾಸನದ ಕಡೆಯ ಒಂದು ವಿಟಿಯು ಕಾಲೇಜಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ. ಆಟೋನಮಸ್ ಅಲ್ಲ. ನಮ್ಮ ಟೀಮು ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಫೈನಲ್‌ಗೆ ಆಯ್ಕೆಯಾಗಿದೆ. ಡಿಸೆಂಬರ್ 11 ಬುಧವಾರ ಶುರು, ನಮಗೆ ಹೈದರಾಬಾದ್ ಸೆಂಟರ್ ಬಂದಿದೆ. ಹೋಗಿ ಬರೋದು ಸೇರಿ ಮಂಗಳವಾರದಿಂದ ಶುಕ್ರವಾರದವರೆಗೆ ಕ್ಲಾಸಿಗೆ ಇರೋದಿಲ್ಲ. ಅದಾದ ಮೇಲೆ 23ರಿಂದ 29ರವರೆಗೆ ದತ್ತು ಗ್ರಾಮದಲ್ಲಿ ಎನ್ಎಸ್ಎಸ್ ವಿಶೇಷ ಶಿಬಿರ ಇದೆ, ಅದಕ್ಕೂ ಹೆಸರು ಕೊಟ್ಟಿದ್ದೇನೆ.

ಎರಡಕ್ಕೂ ಸೇರಿಸಿ ಒಂದು ಪತ್ರ ಬರೆದಿದ್ದೇನೆ. ನೋಡಿ ಹೇಳಿ:

"ಮಾನ್ಯರೇ, ಇಂದಿನ ಸ್ಪರ್ಧಾತ್ಮಕ ಯುಗದಲ್ಲಿ ತಾಂತ್ರಿಕ ಕೌಶಲ ಹಾಗೂ ಸಮಾಜಸೇವೆ ಎರಡೂ ವಿದ್ಯಾರ್ಥಿಯ ಸರ್ವಾಂಗೀಣ ಬೆಳವಣಿಗೆಗೆ ಅಗತ್ಯವಾಗಿವೆ. ಆದ್ದರಿಂದ ದಯವಿಟ್ಟು ಹ್ಯಾಕಥಾನ್ ಹಾಗೂ ಎನ್ಎಸ್ಎಸ್ ಶಿಬಿರದಲ್ಲಿ ಭಾಗವಹಿಸಲು ಅನುಮತಿ ನೀಡಬೇಕೆಂದು ವಿನಂತಿಸುತ್ತೇನೆ."

ಒಟ್ಟು ಹಾಜರಿ 84 ಇದೆ, ಹಾಗಾಗಿ ತೊಂದರೆ ಆಗಲ್ಲ ಅಂದುಕೊಂಡಿದ್ದೇನೆ. ಇವತ್ತು ನವೆಂಬರ್ 30. ಸೋಮವಾರ ಪತ್ರ ಕೊಡಬೇಕು.

ಕೋಡ್ ಕಾಫಿ

ಮೊದಲು ಅಭಿನಂದನೆ ಗುರು! ಪತ್ರ ಚೆನ್ನಾಗಿದೆ, ಕೊಟ್ಟುಬಿಡಿ. 75 ಪರ್ಸೆಂಟ್ ಇದ್ದರೆ ಸಾಕು, ಯಾರೂ ಏನೂ ಕೇಳಲ್ಲ. ನಾವು ಕಾಲೇಜಲ್ಲಿದ್ದಾಗ ಓಡಿ, ಅಂದ್ರೆ ಆನ್ ಡ್ಯೂಟಿ, ಸ್ಲಿಪ್ ಒಂದು ತಂದುಕೊಟ್ಟರೆ ಮುಗೀತು. ಸುಮ್ನೆ ಟೆನ್ಶನ್ ಮಾಡ್ಕೋಬೇಡಿ.

ಶೋಭಾ, ಚಿಕ್ಕಮಗಳೂರು

ನನ್ನ ಮಗಳು ಪಿಯುಸಿಯಲ್ಲಿ ಎನ್‌ಸಿಸಿ ಕ್ಯಾಂಪಿಗೆ ಹೋದಾಗ ಬರೀ ಪೋಷಕರ ಒಪ್ಪಿಗೆ ಪತ್ರ ಕೇಳಿದ್ದರು. ನಿಮ್ಮ ಅಪ್ಪ ಅಮ್ಮನ ಹತ್ತಿರ ಸಹಿ ಮಾಡಿಸಿದ್ದೀಯಾ ಮಗಾ? ಅದಿಲ್ಲದೆ ಯಾವ ಪ್ರಿನ್ಸಿಪಾಲೂ ಬಿಡಲ್ಲ. ಆಮೇಲೆ ಹೈದರಾಬಾದ್‌ನಲ್ಲಿ ಊಟ ಹೇಗೆ, ಉಳಿಯೋದೆಲ್ಲಿ ಕೇಳಿಕೋ. ಡಿಸೆಂಬರ್ ಅಲ್ವಾ, ಸ್ವೆಟರ್ ಇಟ್ಕೋ.

ಹಳೇ ಗಂಟೆ

ನಾನು ಪ್ರಿನ್ಸಿಪಾಲ್ ಆಗಿದ್ದು ನಿವೃತ್ತನಾದವನು. ನೋಡಪ್ಪ ಪುನೀತ್, ನಿನ್ನ ಪತ್ರದಲ್ಲಿ ಒಂದೇ ಒಂದು ಬೇಡಿಕೆ ಇದೆ: ಹೋಗಲು ಅನುಮತಿ. ಇಂಥ ಪತ್ರ ನನ್ನ ಮೇಜಿಗೆ ಬಂದರೆ "ಅನುಮತಿಸಲಾಗಿದೆ" ಅಂತ ಬರೆದು ಸಹಿ ಹಾಕುತ್ತಿದ್ದೆ. ನೀನು ಖುಷಿಯಾಗಿ ಹೋಗಿ ಬರುತ್ತೀಯ. ತಿಂಗಳ ಕೊನೆಯಲ್ಲಿ ಶಾರ್ಟೇಜ್ ಲಿಸ್ಟ್‌ನಲ್ಲಿ ನಿನ್ನ ಹೆಸರಿರುತ್ತದೆ. ನನ್ನ ಹತ್ತಿರ ಬಂದು "ಸರ್, ನೀವೇ ಪರ್ಮಿಶನ್ ಕೊಟ್ಟಿದ್ರಲ್ಲ" ಅಂದರೆ, ಹೌದು, ಹೋಗೋದಕ್ಕೆ ಕೊಟ್ಟಿದ್ದೆ, ಹಾಜರಿ ಕೊಡ್ತೀನಿ ಅಂತ ಹೇಳಿರಲಿಲ್ಲ ಅನ್ನುತ್ತೇನೆ.

ನೀನು ನಿಜವಾಗಿ ಕೇಳಬೇಕಾಗಿರೋದು ಮೂರು. ಕಾಲೇಜು ಬಿಟ್ಟು ಹೋಗುವ ಅನುಮತಿ ಒಂದು. ಆ ದಿನಗಳ ಹಾಜರಿ ಏನಾಗುತ್ತದೆ ಅನ್ನೋದು ಇನ್ನೊಂದು. ಆ ನಡುವೆ ಇಂಟರ್ನಲ್ಸ್ ಬಂದರೆ ಅದು ಮೂರನೆಯದು. ಮೊದಲನೆಯದನ್ನು ಪ್ರಿನ್ಸಿಪಾಲರೇ ಕೊಡಬಹುದು. ಎರಡನೆಯದು ಅವರ ಕೈಯಲ್ಲಿ ಪೂರ್ತಿ ಇಲ್ಲ. ಮೂರನೆಯದು ಪಾಠ ಮಾಡುವ ಮೇಷ್ಟ್ರ ಕೈಯಲ್ಲಿದೆ.

ಕೋಡ್ ಕಾಫಿ ಹೇಳಿದ 75 ಅರ್ಧ ಸರಿ. ವಿಟಿಯು ನಿಯಮದಲ್ಲಿ ಪ್ರತಿ ವಿಷಯಕ್ಕೂ 85 ಬೇಕು. ಅದಕ್ಕಿಂತ ಕಡಿಮೆಯಾದರೆ ಹತ್ತು ಪರ್ಸೆಂಟ್‌ವರೆಗಿನ ಕೊರತೆಯನ್ನು ಕುಲಪತಿಗಳು ಮನ್ನಾ ಮಾಡಬಹುದು. ಅದಕ್ಕೆ ಪ್ರಿನ್ಸಿಪಾಲರ ಶಿಫಾರಸು ಬೇಕು, ಕಾರಣ ಬೇಕು, ದಾಖಲೆ ಬೇಕು. ಅಂದರೆ 75 ಅನ್ನೋದು ಕೊನೆಯ ಗೆರೆ. ಅದು ಹಕ್ಕಲ್ಲ.

ಮತ್ತೆ "ಒಟ್ಟು 84" ಅನ್ನೋದನ್ನು ಮರೆತುಬಿಡು. ಒಟ್ಟು ಯಾರೂ ನೋಡಲ್ಲ. ವಿಷಯವಾರು ಹಾಕು.

ಬಿಸಿಎ ಹುಡುಗಿ

ನಮ್ಮ ಯೂನಿವರ್ಸಿಟಿಯಲ್ಲಿ 75 ಸಾಕು. 85 ಅಂದ್ರೆ ತುಂಬಾ ಜಾಸ್ತಿ ಆಯ್ತಲ್ವಾ? ಎಲ್ಲಾ ಕಡೆ ಒಂದೇ ರೂಲ್ ಯಾಕಿಲ್ಲ?

ಐದನೇ ಸೆಮ್ ಪುನೀತ್

ಸರ್, ಧನ್ಯವಾದ. ಇಂಟರ್ನಲ್ಸ್ ಇದೆ! ಎರಡನೇ ಐಎ ಟೆಸ್ಟಿನ ಟಿಒಸಿ, ಅಂದರೆ ಥಿಯರಿ ಆಫ್ ಕಂಪ್ಯುಟೇಶನ್ ಪೇಪರ್ ಗುರುವಾರ 12ಕ್ಕೇ ಬಿದ್ದಿದೆ. ಅದನ್ನು ಆಮೇಲೆ ನೋಡಿಕೊಳ್ಳೋಣ ಅಂದುಕೊಂಡಿದ್ದೆ.

ವಿಷಯವಾರು ತೆಗೆದೆ. ಉಳಿದವು 90ರ ಮೇಲಿವೆ. ತೊಂದರೆ ಇರೋದು ಇವು ಮೂರು.

ಕಂಪ್ಯೂಟರ್ ನೆಟ್‌ವರ್ಕ್ಸ್: ಇಲ್ಲಿಯವರೆಗೆ 34 ಕ್ಲಾಸ್, ನಾನು ಇದ್ದಿದ್ದು 30.
ಥಿಯರಿ ಆಫ್ ಕಂಪ್ಯುಟೇಶನ್: 34 ಕ್ಲಾಸ್, ಇದ್ದಿದ್ದು 25. ಇದು ಬೆಳಿಗ್ಗೆ ಮೊದಲ ಪಿರಿಯಡ್, ನಮ್ಮೂರ ಬಸ್ಸು ಆ ಹೊತ್ತಿಗೆ ತಲುಪಲ್ಲ.
ವೆಬ್ ಟೆಕ್ನಾಲಜಿ ಲ್ಯಾಬ್: 8ರಲ್ಲಿ 7.

ಸೆಮಿಸ್ಟರ್ 28ಕ್ಕೆ ಮುಗಿಯುತ್ತೆ. ಮೊದಲ ಎರಡು ವಿಷಯ ವಾರಕ್ಕೆ ನಾಲ್ಕು ಕ್ಲಾಸ್, ಲ್ಯಾಬ್ ವಾರಕ್ಕೊಂದು. 25ಕ್ಕೆ ಕ್ರಿಸ್‌ಮಸ್ ರಜೆ, ಆವತ್ತಿನ ಕ್ಲಾಸು ಆ ಶನಿವಾರ ತುಂಬಿಸಿಕೊಡುತ್ತಾರಂತೆ.

ಲ್ಯಾಬ್ ಕೀ

ನಾನು ಬೇರೆ ಕಾಲೇಜಿನಲ್ಲಿ ಅಸಿಸ್ಟೆಂಟ್ ಪ್ರೊಫೆಸರ್. ಲೆಕ್ಕ ನಾನೇ ಹಾಕುತ್ತೇನೆ, ಪ್ರತಿ ಸೆಮಿಸ್ಟರ್ ಕೊನೆಗೆ ಇದೇ ಕೆಲಸ ತಾನೇ.

ಇನ್ನು ನಾಲ್ಕು ವಾರ ಇದೆ. ಹಾಗಾದರೆ ನೆಟ್‌ವರ್ಕ್ಸ್ ಮತ್ತು ಟಿಒಸಿ ಎರಡೂ 50 ಕ್ಲಾಸಿಗೆ ಮುಗಿಯುತ್ತವೆ, ಲ್ಯಾಬ್ 12ಕ್ಕೆ. 50ರಲ್ಲಿ 85 ಪರ್ಸೆಂಟ್ ಅಂದರೆ 43 ಕ್ಲಾಸ್. 75 ಅಂದರೆ 38.

ಟಿಒಸಿಯಲ್ಲಿ ನೀವು ಈಗಾಗಲೇ 9 ಬಿಟ್ಟಿದ್ದೀರಿ. ನಾಳೆಯಿಂದ ಎಲ್ಲಿಗೂ ಹೋಗದೆ ಒಂದೂ ಕ್ಲಾಸ್ ತಪ್ಪಿಸದಿದ್ದರೂ 41ಕ್ಕೆ ನಿಲ್ಲುತ್ತದೆ. ಅಂದರೆ 82. ಹ್ಯಾಕಥಾನ್ ಇರಲಿ ಬಿಡಲಿ, ನಿಮಗೆ ಮನ್ನಾ ಬೇಕೇ ಬೇಕು. ಇದನ್ನು ಪ್ರಿನ್ಸಿಪಾಲರು ಕಂಡುಹಿಡಿಯುವ ಮೊದಲು ನೀವೇ ಹೇಳೋದು ಒಳ್ಳೆಯದು.

ಹ್ಯಾಕಥಾನ್ ವಾರದಲ್ಲಿ ಯಾವ ಯಾವ ಕ್ಲಾಸ್ ತಪ್ಪುತ್ತೆ, ಟೈಮ್‌ಟೇಬಲ್ ನೋಡಿ ಹೇಳಿ.

ಐದನೇ ಸೆಮ್ ಪುನೀತ್

ಮಂಗಳವಾರದಿಂದ ಶುಕ್ರವಾರ: ನೆಟ್‌ವರ್ಕ್ಸ್ 3, ಟಿಒಸಿ 2, ಲ್ಯಾಬ್ 1 (ಗುರುವಾರ ನಮ್ಮ ಬ್ಯಾಚ್). ಶಿಬಿರದ ವಾರ ನೆಟ್‌ವರ್ಕ್ಸ್ 4, ಟಿಒಸಿ 4, ಲ್ಯಾಬ್ 1.

ಲ್ಯಾಬ್ ಕೀ

ಸರಿ. ಬರೀ ಹ್ಯಾಕಥಾನ್‌ಗೆ ಹೋದರೆ ನೆಟ್‌ವರ್ಕ್ಸ್ 50ಕ್ಕೆ 43, ಸರಿಯಾಗಿ ಗೆರೆಯ ಮೇಲೆ. ಟಿಒಸಿ 39, ಅಂದರೆ 78. ಮನ್ನಾ ಮಿತಿಯ ಒಳಗಿದೆ, ಆದರೆ ಮಿಕ್ಕಿರೋದು ಒಂದೇ ಕ್ಲಾಸ್. ಆಮೇಲೆ ಜ್ವರ ಬಂತು ಅಂತ ಎರಡು ದಿನ ಮಲಗಿದರೂ ಕಷ್ಟ. ಲ್ಯಾಬ್ 12ಕ್ಕೆ 10, ಅಂದರೆ 83.

ಲ್ಯಾಬನ್ನು ಯಾರೂ ಗಮನಿಸಲ್ಲ. ಒಟ್ಟು ಹನ್ನೆರಡೇ ಸಲ ಇರೋದರಿಂದ ಒಂದು ತಪ್ಪಿದರೂ ಎಂಟು ಪರ್ಸೆಂಟ್ ಹೋಗುತ್ತೆ. ಆದರೆ ಸರಿಪಡಿಸೋದೂ ಇದೇ ಸುಲಭ. ನಿಮ್ಮ ಕ್ಲಾಸಿನ ಇನ್ನೊಂದು ಬ್ಯಾಚ್ ಬೇರೆ ದಿನ ಅದೇ ಪ್ರೋಗ್ರಾಂ ಮಾಡುತ್ತಲ್ವಾ? ಲ್ಯಾಬ್ ಮೇಡಂ ಹತ್ತಿರ ಮೊದಲೇ ಹೇಳಿ, ಆ ವಾರ ಅವರ ಜೊತೆ ಕೂತು ರೆಕಾರ್ಡ್‌ಗೆ ಸಹಿ ಹಾಕಿಸಿಕೊಳ್ಳಿ. ಹೋಗಿ ಬಂದ ಮೇಲೆ ಕೇಳಿದರೆ ಆಗಲ್ಲ, ಆ ವಾರದ ಹಾಜರಿ ಅಷ್ಟರಲ್ಲಿ ಅಪ್‌ಲೋಡ್ ಆಗಿರುತ್ತೆ.

ಶಿಬಿರಕ್ಕೂ ಹೋದರೆ ನೆಟ್‌ವರ್ಕ್ಸ್ 39. ಟಿಒಸಿ 35, ಅಂದರೆ 70. ಇಲ್ಲಿ ಮನ್ನಾ ಕೂಡ ಕೆಲಸ ಮಾಡಲ್ಲ.

ಕೋಡ್ ಕಾಫಿ

ಅಯ್ಯೋ, ಟಿಒಸಿ ಮೇಷ್ಟ್ರ ಹತ್ತಿರ ಎಕ್ಸ್‌ಟ್ರಾ ಕ್ಲಾಸ್ ಹಾಕಿಸಿಕೊಂಡರೆ ಆಯ್ತಪ್ಪ. ನಾಲ್ಕು ಹೋಗಿದ್ದಕ್ಕೆ ನಾಲ್ಕು ಬಂತು.

ಹಳೇ ಗಂಟೆ

ಎಕ್ಸ್‌ಟ್ರಾ ಕ್ಲಾಸ್ ತೆಗೆದುಕೊಂಡರೆ ಒಟ್ಟು ಕ್ಲಾಸೂ ಜಾಸ್ತಿಯಾಗುತ್ತದೆ. ನಾಲ್ಕು ತೆಗೆದುಕೊಂಡರೆ 54ಕ್ಕೆ 39, ಅಂದರೆ 72. ಇವನು 75 ಮುಟ್ಟಬೇಕಾದರೆ ಹತ್ತು ಎಕ್ಸ್‌ಟ್ರಾ ಕ್ಲಾಸ್ ಬೇಕು. ಅದೂ ಸೆಮಿಸ್ಟರ್ ಮುಗಿಯುವ ವಾರ, ಇವನು ಶಿಬಿರದಲ್ಲಿ ಗುದ್ದಲಿ ಹಿಡಿದಿರುವಾಗ. ಯಾವ ಮೇಷ್ಟ್ರು ಮಾಡುತ್ತಾರೆ?

ಹಾಜರಿ ಸಾಲದಿದ್ದರೆ ಆ ವಿಷಯದ ಪರೀಕ್ಷೆಗೇ ಕೂರಿಸಲ್ಲ. ರಿಸಲ್ಟ್ ಪೇಜಿನಲ್ಲಿ ಆ ವಿಷಯದ ಮುಂದೆ F ಬರಲ್ಲ, NE, ಅಂದರೆ ನಾಟ್ ಎಲಿಜಿಬಲ್ ಅಂತ ಬರುತ್ತದೆ. ಫೇಲ್ ಆದವನು ಮತ್ತೆ ಪರೀಕ್ಷೆ ಬರೆದರೆ ಮುಗಿಯಿತು. ಇವನು ವಿಷಯವನ್ನೇ ಮತ್ತೆ ಕ್ಲಾಸಿನಲ್ಲಿ ಕೂತು ಓದಬೇಕಾಗುತ್ತದೆ.

ಲ್ಯಾಬ್ ಕೀ

ಸರ್, ಒಂದು ವಿಷಯ. ನಮ್ಮ ವಿಭಾಗದಲ್ಲಿ ಓಡಿ ಅಂತ ಹಾಕಿದರೆ ಅದು ಹಾಜರಿಯ ಲೆಕ್ಕಕ್ಕೇ ಬರುತ್ತೆ. ಸಾಫ್ಟ್‌ವೇರ್‌ನಲ್ಲೇ ಆ ಆಯ್ಕೆ ಇದೆ. ಹಾಗೆ ನೋಡಿದರೆ ಪುನೀತ್ ಎರಡಕ್ಕೂ ಹೋಗಿ ಬಂದರೂ ಟಿಒಸಿ 41, ನೆಟ್‌ವರ್ಕ್ಸ್ 46. ಇಡೀ ಚಿತ್ರವೇ ಬದಲಾಗುತ್ತೆ.

ಹಳೇ ಗಂಟೆ

ಕ್ಲಾಸಿನಲ್ಲಿ ಇಲ್ಲದವನಿಗೆ ಪ್ರೆಸೆಂಟ್ ಹಾಕೋದು ನನಗಂತೂ ಒಪ್ಪಿಗೆಯಿಲ್ಲ. ಇಲ್ಲದಿದ್ದರೆ ಇಲ್ಲ ಅಂತಲೇ ಇರಬೇಕು, ಕಾರಣವನ್ನು ಪಕ್ಕದಲ್ಲಿ ಬರೆಯಬೇಕು. ಆ ಕಾರಣ ಹಿಡಿದುಕೊಂಡೇ ಮನ್ನಾಗೆ ಶಿಫಾರಸು ಮಾಡೋದು. ಮೊದಲೇ ಪ್ರೆಸೆಂಟ್ ಹಾಕಿಬಿಟ್ಟರೆ ಮನ್ನಾ ನಿಯಮ ಇರೋದಾದರೂ ಯಾಕೆ?

ಲ್ಯಾಬ್ ಕೀ

ಸರ್, ಕಾಲೇಜೇ ಕಳಿಸಿದ ಹುಡುಗ. ಬಹುಮಾನ ತಂದರೆ ಕಾಲೇಜಿನ ಬ್ಯಾನರ್‌ನಲ್ಲಿ ಅವನ ಫೋಟೋ ಹಾಕುತ್ತೇವೆ, ಆದರೆ ಅವನು ಗೈರು ಅಂತೀವಿ. ಇದೂ ಸರಿಯಲ್ಲ ಅಲ್ವಾ?

ಹಳೇ ಗಂಟೆ

ಬ್ಯಾನರ್ ಬೇರೆ, ರಿಜಿಸ್ಟರ್ ಬೇರೆ. ನಾಳೆ ಯಾರಾದರೂ ಅದೇ ರಿಜಿಸ್ಟರ್ ತೆಗೆದು ನೋಡಿದರೆ ಸಹಿ ಹಾಕಿದ ಮೇಷ್ಟ್ರು ಉತ್ತರ ಕೊಡಬೇಕು, ಬ್ಯಾನರ್ ಕಟ್ಟಿದವರಲ್ಲ.

ಇರಲಿ, ಇದು ಕಾಲೇಜಿನಿಂದ ಕಾಲೇಜಿಗೆ ಬೇರೆ ಇದೆ ಅನ್ನೋದು ನಿಜ. ಪುನೀತ್, ನಿಮ್ಮ ಎಚ್ಒಡಿಯನ್ನು ಇದೊಂದೇ ಪ್ರಶ್ನೆ ಕೇಳು: "ಓಡಿ ದಿನಗಳು ಹಾಜರಿಯ ಲೆಕ್ಕಕ್ಕೆ ಬರುತ್ತವೆಯೋ, ಬರೀ ಷರಾ ಆಗುತ್ತವೆಯೋ?" ಬೇರೆ ಕಾಲೇಜಿನ ಗೆಳೆಯರು ಹೇಳಿದ್ದನ್ನು ನಂಬಿ ಹೋಗಬೇಡ.

ಮಲ್ನಾಡ್ ಮೇಷ್ಟ್ರು

ಸ್ವಲ್ಪ ತಡವಾಗಿ ಬಂದೆ. ನಾನು ಒಂದು ಪದವಿ ಕಾಲೇಜಿನಲ್ಲಿ ಎನ್ಎಸ್ಎಸ್ ಪ್ರೋಗ್ರಾಂ ಆಫೀಸರ್. ಶಿಬಿರದ ಬಗ್ಗೆ ಎರಡು ಮಾತು.

ಶಿಬಿರಕ್ಕೆ ವಿದ್ಯಾರ್ಥಿ ಪ್ರತ್ಯೇಕವಾಗಿ ಪ್ರಿನ್ಸಿಪಾಲರಿಗೆ ಪತ್ರ ಬರೆಯೋದು ಬೇಕಿಲ್ಲ. ಶಿಬಿರಾರ್ಥಿಗಳ ಪಟ್ಟಿಯನ್ನು ಪ್ರೋಗ್ರಾಂ ಆಫೀಸರ್ ಸಹಿ ಮಾಡಿಸುತ್ತಾರೆ. ಘಟಕದಲ್ಲಿ 100 ಜನ ಇದ್ದರೆ ಶಿಬಿರಕ್ಕೆ ಬರೋದು ಅದರ ಅರ್ಧ. ಹಾಗಾಗಿ ಪಟ್ಟಿಯಲ್ಲಿ ಹೆಸರು ಇದ್ದ ಮಾತ್ರಕ್ಕೆ ಹೋಗಲೇಬೇಕು ಅಂತಲ್ಲ, ಆದರೆ ಈಗಲೇ ಹೇಳಿದರೆ ಅವರು ಬೇರೆಯವರನ್ನು ಸೇರಿಸಿಕೊಳ್ಳಬಹುದು. ಹಿಂದಿನ ದಿನ ಹೇಳಿದರೆ ಅಕ್ಕಿ ಬೇಳೆ ಎಲ್ಲಾ ಲೆಕ್ಕ ಹಾಕಿ ತಂದಿರುತ್ತೇವೆ, ಕೋಪ ಬರುತ್ತೆ.

ಮೂರು ದಿನ ಬಂದು ಹೋಗ್ತೀನಿ ಅಂತ ಕೆಲವರು ಕೇಳುತ್ತಾರೆ. ಅದು ಆಗಲ್ಲ. ಏಳು ದಿನ, ರಾತ್ರಿ ಅಲ್ಲೇ ಉಳಿಯಬೇಕು. ಅರ್ಧ ಶಿಬಿರಕ್ಕೆ ಪ್ರಮಾಣಪತ್ರ ಇಲ್ಲ.

ಇನ್ನೊಂದು, ಎನ್ಎಸ್ಎಸ್ ಪ್ರಮಾಣಪತ್ರಕ್ಕೆ ಎರಡು ವರ್ಷದಲ್ಲಿ 240 ಗಂಟೆ ಕೆಲಸ ಮತ್ತು ಒಂದು ವಿಶೇಷ ಶಿಬಿರ ಬೇಕು. ಪುನೀತ್, ನೀವು ಮೂರನೇ ಸೆಮ್‌ನಲ್ಲಿ ಸೇರಿದ್ದರೆ ನಿಮಗೆ ಆರನೇ ಸೆಮ್‌ವರೆಗೂ ಅವಕಾಶ ಇದೆ. ಹೋದ ವರ್ಷ ಶಿಬಿರಕ್ಕೆ ಹೋಗಿದ್ದೀರಾ?

ಐದನೇ ಸೆಮ್ ಪುನೀತ್

ಇಲ್ಲ ಸರ್, ಇದೇ ಮೊದಲು. ಮೂರನೇ ಸೆಮ್‌ನಲ್ಲೇ ಸೇರಿದ್ದು. ಆಕ್ಟಿವಿಟಿ ಪಾಯಿಂಟ್ಸ್‌ಗೂ ಶಿಬಿರ ಬೇಕಿತ್ತು. ನೂರು ಪಾಯಿಂಟ್ ಆಗದಿದ್ದರೆ ಡಿಗ್ರಿ ಕೊಡಲ್ಲ ಅಂತಾರೆ.

ಲ್ಯಾಬ್ ಕೀ

ನೂರು ಪಾಯಿಂಟ್ ನಾಲ್ಕು ವರ್ಷಕ್ಕೆ. ಅದು ಸಿಜಿಪಿಎಗೆ ಸೇರಲ್ಲ. ಶನಿವಾರ, ಭಾನುವಾರ, ರಜೆಯಲ್ಲಿ ಮಾಡಿಕೊಳ್ಳಲಿ ಅಂತಲೇ ಅದನ್ನು ಇಟ್ಟಿರೋದು. ಅದನ್ನು ಕಾರಣ ಅಂತ ಪತ್ರದಲ್ಲಿ ಬರೆದರೆ ಪ್ರಿನ್ಸಿಪಾಲರು "ಹಾಗಾದ್ರೆ ಭಾನುವಾರ ಮಾಡು" ಅಂತಾರೆ.

ಹಳೇ ಗಂಟೆ

ಈಗ ಹ್ಯಾಕಥಾನ್‌ಗೆ ಬಾ. ನೀನೊಬ್ಬನೇ ಯಾಕೆ ಪತ್ರ ಬರೆಯುತ್ತಿದ್ದೀಯ? ಟೀಮಿನಲ್ಲಿ ಆರು ಜನ ತಾನೇ?

ಐದನೇ ಸೆಮ್ ಪುನೀತ್

ಹೌದು ಸರ್, ಆರು ಜನ, ಇಬ್ಬರು ಹುಡುಗಿಯರು. ಎಲ್ಲರೂ ಬೇರೆ ಬೇರೆ ಕೊಡೋಣ ಅಂತ ಇದ್ವಿ. ಇಬ್ಬರು ಇಲೆಕ್ಟ್ರಾನಿಕ್ಸ್ ವಿಭಾಗದವರು.

ಹಳೇ ಗಂಟೆ

ಅದೇ ಬೇಡ. ಆರು ಪತ್ರ, ಎರಡು ವಿಭಾಗ. ಒಬ್ಬ ಎಚ್ಒಡಿ ಹೂಂ ಅಂದು ಇನ್ನೊಬ್ಬರು ಉಹೂಂ ಅಂದರೆ ಟೀಮೇ ಮುರಿಯುತ್ತದೆ. ಈ ಸ್ಪರ್ಧೆಗೆ ಕಾಲೇಜಿನ ಒಳಗೇ ಒಂದು ಸುತ್ತು ನಡೆಸಿ, ಕಾಲೇಜಿನ ಎಸ್‌ಪಿಒಸಿ, ಅಂದರೆ ಈ ಸ್ಪರ್ಧೆಯ ಸಂಯೋಜಕ ಮೇಷ್ಟ್ರು, ನಿಮ್ಮನ್ನು ನಾಮನಿರ್ದೇಶನ ಮಾಡಿರುತ್ತಾರೆ. ಅಂದರೆ ಕಾಲೇಜೇ ನಿಮ್ಮನ್ನು ಕಳಿಸಿದೆ. ಆ ಮೇಷ್ಟ್ರ ಕಡೆಯಿಂದ ಆರೂ ಹೆಸರಿನ ಒಂದೇ ಪತ್ರ ಹೋಗಲಿ. ನಿನ್ನ ಸ್ವಂತ ಪತ್ರ ಅದರ ಹಿಂದೆ ಬರಲಿ, ಅದರಲ್ಲಿ ನಿನ್ನ ಹಾಜರಿ ಮತ್ತು ಐಎ ವಿಚಾರ ಮಾತ್ರ ಇರಲಿ.

ಪ್ರಿನ್ಸಿಪಾಲರಿಗೆ ನಿಜವಾಗಿ ಭಯ ಇರೋದು ಹಾಜರಿಯದ್ದಲ್ಲ, ಪ್ರಯಾಣದ್ದು. ಜೊತೆಗೆ ಯಾವ ಮೇಷ್ಟ್ರು, ಯಾವ ರೈಲು, ಎಲ್ಲಿ ಉಳಿಯೋದು, ಹುಡುಗಿಯರ ಜೊತೆ ಮೇಡಂ ಬರ್ತಾರಾ, ಇಷ್ಟು ಬರೆದಿರಲಿ. ಶೋಭಾ ಅವರು ಹೇಳಿದ ಪೋಷಕರ ಪತ್ರವೂ ಆರು ಜನರದ್ದೂ ಬೇಕು.

ಶೋಭಾ, ಚಿಕ್ಕಮಗಳೂರು

ನಾನು ಹೇಳಿದ್ದೆ ನೋಡಿ.

ಐದನೇ ಸೆಮ್ ಪುನೀತ್

ಎಲ್ಲರೂ ಹೇಳಿದ್ದನ್ನು ಸೇರಿಸಿ ಮತ್ತೆ ಬರೆದೆ. ಈಗ ಹೇಗಿದೆ?

"ಇವರಿಗೆ: ಪ್ರಾಂಶುಪಾಲರು. ಮೂಲಕ: ವಿಭಾಗ ಮುಖ್ಯಸ್ಥರು, ಕಂಪ್ಯೂಟರ್ ಸೈನ್ಸ್.

ವಿಷಯ: ಡಿ. 10ರಿಂದ 13ರವರೆಗಿನ ಹಾಜರಾತಿ ಮತ್ತು ಎರಡನೇ ಆಂತರಿಕ ಪರೀಕ್ಷೆ ಕುರಿತು.

ಮಾನ್ಯರೇ, ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಫೈನಲ್‌ಗೆ ಹೋಗುವ ನಮ್ಮ ಕಾಲೇಜಿನ ತಂಡದಲ್ಲಿ ನಾನಿದ್ದೇನೆ. ತಂಡದ ಅನುಮತಿ ಪತ್ರವನ್ನು ಸಂಯೋಜಕರು ಸಲ್ಲಿಸಿದ್ದಾರೆ. ಸ್ಪರ್ಧೆ ಡಿ. 11 ಮತ್ತು 12ರಂದು ಹೈದರಾಬಾದಿನಲ್ಲಿ 36 ಗಂಟೆ ನಡೆಯುತ್ತದೆ. 14ರ ಶನಿವಾರ ನಾನು ತರಗತಿಗೆ ಹಾಜರಾಗುತ್ತೇನೆ.

ಈ ನಾಲ್ಕು ದಿನಗಳನ್ನು ಕಾಲೇಜಿನ ಕೆಲಸದ ಮೇಲೆ ಹೋದ ದಿನಗಳೆಂದು ದಾಖಲಿಸಬೇಕೆಂದು ಕೋರುತ್ತೇನೆ. ಥಿಯರಿ ಆಫ್ ಕಂಪ್ಯುಟೇಶನ್ ವಿಷಯದಲ್ಲಿ ನನ್ನ ಹಾಜರಾತಿ ಈಗ 34ಕ್ಕೆ 25 ಇದೆ. ಉಳಿದ ಎಲ್ಲ ತರಗತಿಗಳಿಗೆ ಬಂದರೆ ಕೊನೆಗೆ 50ಕ್ಕೆ 39 ಆಗುತ್ತದೆ. ಈ ಕೊರತೆಯ ಮನ್ನಾಕ್ಕೆ ಶಿಫಾರಸು ಮಾಡಬೇಕೆಂದು ವಿನಂತಿ. ಅದೇ ವಿಷಯದ ಆಂತರಿಕ ಪರೀಕ್ಷೆ ಡಿ. 12ಕ್ಕೆ ಇದೆ. ಅದನ್ನು ಬೇರೆ ದಿನ ಬರೆಯಲು ಅವಕಾಶ ಕೊಡಬೇಕೆಂದು ವಿಷಯದ ಅಧ್ಯಾಪಕರಲ್ಲೂ ಕೇಳಿಕೊಂಡಿದ್ದೇನೆ.

ಲಗತ್ತು: ಆಯ್ಕೆಯ ಇಮೇಲ್, ಹಾಜರಾತಿ ವಿವರ, ಪೋಷಕರ ಒಪ್ಪಿಗೆ."

ಹಳೇ ಗಂಟೆ

ಇದು ಪತ್ರ. ಎರಡು ತಿದ್ದುಪಡಿ. "ಅಧ್ಯಾಪಕರಲ್ಲೂ ಕೇಳಿಕೊಂಡಿದ್ದೇನೆ" ಅಂತ ಬರೆದಿದ್ದೀಯ, ಕೇಳಿದ್ದೀಯಾ? ಕೇಳಿದ ಮೇಲೆಯೇ ಆ ಸಾಲು ಇರಲಿ. ಮತ್ತೆ ಬಂದ ಮೇಲೆ ಭಾಗವಹಿಸಿದ ಪ್ರಮಾಣಪತ್ರದ ಪ್ರತಿಯನ್ನು ಕೊಡುತ್ತೇನೆ ಅಂತ ಒಂದು ಸಾಲು ಸೇರಿಸು. ಶಿಫಾರಸು ಹೋಗುವಾಗ ಫೈಲಿನಲ್ಲಿ ಇರಬೇಕಾದದ್ದು ಅದೇ. ಆಯ್ಕೆಯ ಇಮೇಲ್ ನೀನು ಹೋಗಿದ್ದಕ್ಕೆ ಸಾಕ್ಷಿಯಲ್ಲ.

ಇನ್ನೊಂದು ಮಾತು. ಮೊದಲು ತಪ್ಪಿದ ಒಂಬತ್ತು ಕ್ಲಾಸಿಗೆ ಬಸ್ಸಿನ ಕಾರಣ ಬರೆಯಬೇಡ. ಕೇಳಿದರೆ ಬಾಯಲ್ಲಿ ಹೇಳು.

ಕೋಡ್ ಕಾಫಿ

ನಂಗೆ ಮೊದಲನೇ ಪತ್ರನೇ ಇಷ್ಟ ಆಗಿತ್ತು 😄

ಐದನೇ ಸೆಮ್ ಪುನೀತ್

ಸೋಮವಾರ ಸಂಜೆಯ ಅಪ್‌ಡೇಟ್. ಎಚ್ಒಡಿ ಮೇಡಂ ಪತ್ರಕ್ಕಿಂತ ಮೊದಲು ಹಾಜರಾತಿ ವಿವರವನ್ನೇ ಓದಿದರು. ನಮ್ಮಲ್ಲಿ ಓಡಿ ಬರೀ ಷರಾ, ಲೆಕ್ಕಕ್ಕೆ ಬರಲ್ಲ ಅಂದರು. ಶಿಫಾರಸು ಮಾಡುತ್ತಾರಂತೆ, ಆದರೆ ವಾಪಸ್ ಬಂದ ಮೇಲೆ ಟಿಒಸಿ ಒಂದೂ ತಪ್ಪಿಸಬಾರದು ಅಂತ ಹೇಳಿದ್ದಾರೆ. ಮೊದಲ ಪಿರಿಯಡ್‌ಗೆ ಸಿಗೋ ಹಾಗೆ ಗೆಳೆಯನ ರೂಮಿನಲ್ಲಿ ಉಳಿಯುತ್ತೇನೆ.

ಟೀಮಿನ ಪತ್ರಕ್ಕೆ ಪ್ರಿನ್ಸಿಪಾಲ್ ಸಹಿ ಆಯಿತು. ಇಬ್ಬರು ಮೆಂಟರ್‌ಗಳು ಜೊತೆಗೆ ಬರುತ್ತಾರೆ, ಒಬ್ಬರು ಮೇಡಂ. ಲ್ಯಾಬ್ ಸೋಮವಾರದ ಬ್ಯಾಚ್ ಜೊತೆ ಮಾಡಲು ಒಪ್ಪಿದ್ದಾರೆ. ಶಿಬಿರದ ಪಟ್ಟಿಯಿಂದ ಹೆಸರು ತೆಗೆಸಿದೆ. ಮುಂದಿನ ಸೆಮ್ ರಜೆಯಲ್ಲಿ ಇನ್ನೊಂದು ಶಿಬಿರ ಮಾಡೋ ಯೋಚನೆ ಇದೆಯಂತೆ, ಖಾತ್ರಿ ಇಲ್ಲ.

ಐಎ ಮಾತ್ರ ಇನ್ನೂ ತೂಗಾಡ್ತಾ ಇದೆ. ಟಿಒಸಿ ಸರ್ "ಮೊದಲನೇ ಟೆಸ್ಟಲ್ಲಿ ಎಷ್ಟು ಬಂದಿತ್ತು?" ಅಂತ ಕೇಳಿ ನಕ್ಕರು, ಅಷ್ಟೇ.

ಲ್ಯಾಬ್ ಕೀ

ನಕ್ಕಿದ್ದನ್ನು ಹೂಂ ಅಂತ ತಿಳ್ಕೋಬೇಡಿ. ಸಿಐಇ, ಅಂದರೆ ಇಂಟರ್ನಲ್ಸ್ ಅಂಕ, 50ಕ್ಕೆ 20 ಬಂದಿಲ್ಲ ಅಂದರೆ ಹಾಜರಿ ಇದ್ದರೂ ಪರೀಕ್ಷೆಗೆ ಕೂರೋಕೆ ಆಗಲ್ಲ. ಹೊರಡುವ ಮೊದಲು, 9ನೇ ತಾರೀಖಿನ ಒಳಗೆ, ಯಾವ ದಿನ ಬರೆಯೋದು ಅಂತ ಅವರಿಂದ ಒಂದು ದಿನಾಂಕ ಬರೆಸಿಕೊಳ್ಳಿ. ಅದೇ ಹಾಳೆಯ ಮೇಲೆ ಆದರೂ ಪರವಾಗಿಲ್ಲ.

ಬಿಸಿಎ ಹುಡುಗಿ

ನಮ್ಮ ಕಾಲೇಜಲ್ಲಿ ರೀಟೆಸ್ಟ್ ಬರೆದರೆ ಪ್ರಶ್ನೆ ಪತ್ರಿಕೆ ಕಷ್ಟ ಕೊಡ್ತಾರೆ. ನಿಮ್ಮಲ್ಲೂ ಹಾಗೇನಾ?

ಲ್ಯಾಬ್ ಕೀ

ಅದನ್ನು ಇಲ್ಲಿ ಹೇಳಲ್ಲ 🙂